ಗೈಡ್ ಸರ್ ನಮ್ಮ ಪತ್ರವನ್ನು ಹಿಂದಿರುಗಿಸಿದ್ದಾರೆ: ಹೊಟ್ಟಿನ ಬೂದಿ, ಕಾಂಕ್ರೀಟ್, ಪ್ರಾಜೆಕ್ಟ್ ಒಪ್ಪಿಗೆ

ಕಾರಟಗಿ_ಸಿವಿಲ್

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ತಂಡದಲ್ಲಿ ನಾಲ್ವರಿದ್ದೇವೆ. ಪ್ರಾಜೆಕ್ಟ್ ವಿಷಯಕ್ಕೆ ಒಪ್ಪಿಗೆ ಕೇಳಿ ಗೈಡ್ ಸರ್‌ಗೆ ಒಂದು ಪುಟದ ಪತ್ರ ಕೊಟ್ಟಿದ್ದೆವು. ನಿನ್ನೆ ಅದನ್ನು ಹಿಂದಿರುಗಿಸಿದರು. ಬಯ್ಯಲಿಲ್ಲ. ಪತ್ರದ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಒಂದೇ ಸಾಲು ಬರೆದಿದ್ದಾರೆ: "ಇದರಲ್ಲಿ ಪ್ರಶ್ನೆ ಎಲ್ಲಿದೆ?"

ಪತ್ರವನ್ನು ಇಂಗ್ಲಿಷಿನಲ್ಲಿ ಬರೆದಿದ್ದೆವು. ಮುಖ್ಯ ಭಾಗವನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಮಾನ್ಯರೇ, ಭತ್ತದ ಹೊಟ್ಟಿನ ಬೂದಿಯನ್ನು ಕಾಂಕ್ರೀಟಿನಲ್ಲಿ ಸಿಮೆಂಟಿಗೆ ಬದಲಾಗಿ ಬಳಸುವ ವಿಷಯದಲ್ಲಿ ಪ್ರಾಜೆಕ್ಟ್ ಮಾಡಲು ಇಚ್ಛಿಸುತ್ತೇವೆ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳಲ್ಲಿ ಈ ಬೂದಿ ಹೇರಳವಾಗಿ ಸಿಗುತ್ತದೆ. ಎಂ20, ಎಂ25, ಎಂ30 ಈ ಮೂರು ದರ್ಜೆಗಳಲ್ಲಿ ಶೇ. 0, 5, 10, 15, 20, 25ರಷ್ಟು ಬೂದಿ ಬಳಸಿ 7, 28, 56 ದಿನಗಳ ಬಲವನ್ನು ಪರೀಕ್ಷಿಸುತ್ತೇವೆ. ಪರಿಸರ ಸಂರಕ್ಷಣೆಗೆ ಇದು ನೆರವಾಗುತ್ತದೆ. ದಯವಿಟ್ಟು ಒಪ್ಪಿಗೆ ನೀಡಬೇಕು."

ನನಗೆ ಈ ವಿಷಯ ಬಿಡಲು ಮನಸ್ಸಿಲ್ಲ. ನಮ್ಮ ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಗಿರಣಿಯ ಬೂದಿಯ ಗುಡ್ಡೆ ಇತ್ತು. ಗಾಳಿ ಬೀಸಿದ ದಿನ ಸಮವಸ್ತ್ರವೆಲ್ಲ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಆ ಬೂದಿಯಿಂದ ಏನಾದರೂ ಆಗುತ್ತದೆಯೇ ಎಂದು ಅಂದಿನಿಂದಲೂ ನನಗೆ ಕುತೂಹಲ. ಪತ್ರವನ್ನು ಹೇಗೆ ತಿದ್ದಬೇಕು, ಹೇಳಿ.

---

ಎಂಟೆಕ್_ಹುಬ್ಬಳ್ಳಿ

ಪತ್ರದಲ್ಲಿ ತಪ್ಪೇನೂ ಇಲ್ಲ. ನಮ್ಮ ಕಾಲದಲ್ಲಿಯೂ ಇಷ್ಟೇ ಬರೆಯುತ್ತಿದ್ದೆವು. ಶೇ. 10ರವರೆಗೆ ಬೂದಿ ಹಾಕಿದರೆ ಬಲ ಹೆಚ್ಚುತ್ತದೆ, ಆಮೇಲೆ ಇಳಿಯುತ್ತದೆ. ಎಲ್ಲ ಪ್ರಬಂಧಗಳಲ್ಲಿಯೂ ಇದೇ ಇದೆ. "ಸೂಕ್ತ ಪ್ರಮಾಣ ಕಂಡುಹಿಡಿಯುವುದು ನಮ್ಮ ಉದ್ದೇಶ" ಎಂಬ ಒಂದು ಸಾಲು ಸೇರಿಸಿ, ಸಹಿ ಬೀಳುತ್ತದೆ.

---

ದಾವಣಗೆರೆ_ಅಧ್ಯಾಪಕಿ

ಎಂಟೆಕ್ ಅವರೇ, ಉತ್ತರ ಶೇ. 10 ಎಂದು ನೀವೇ ಹೇಳಿಬಿಟ್ಟಿರಿ. ಹಾಗಿದ್ದ ಮೇಲೆ ಈ ನಾಲ್ವರು ನಾಲ್ಕು ತಿಂಗಳು ಏನನ್ನು ಕಂಡುಹಿಡಿಯಬೇಕು? ಆ ಕೆಂಪು ಸಾಲಿನ ಅರ್ಥ ಅದೇ.

ನಾನೂ ಗೈಡ್. ಪ್ರತಿ ವರ್ಷ ನನ್ನ ಮೇಜಿಗೆ ಬರುವ ಪತ್ರಗಳಲ್ಲಿ "ಹೊಟ್ಟಿನ ಬೂದಿ", "ಕಬ್ಬಿನ ಸಿಪ್ಪೆಯ ಬೂದಿ", "ತೆಂಗಿನ ಚಿಪ್ಪು" ಇದ್ದೇ ಇರುತ್ತವೆ. ಹೆಸರು ಬದಲಾಗುತ್ತದೆ, ಪಟ್ಟಿ ಬದಲಾಗುವುದಿಲ್ಲ. ವಿಷಯ ಹಳೆಯದು ಎಂದು ನಾನು ತಿರಸ್ಕರಿಸುವುದಿಲ್ಲ. ಹಳೆಯ ವಿಷಯದಲ್ಲಿ ನಿಮ್ಮ ಊರಿನ ಪ್ರಶ್ನೆ ಯಾವುದು ಎಂಬುದು ಪತ್ರದಲ್ಲಿ ಕಾಣದಿದ್ದರೆ ಹಿಂದಿರುಗಿಸುತ್ತೇನೆ.

ಕಾರಟಗಿ, ನಿನ್ನ ಪತ್ರದಲ್ಲಿ ಇಲ್ಲದ್ದು ನಿನ್ನ ಈ ಪೋಸ್ಟಿನ ಕೊನೆಯಲ್ಲಿದೆ. ಆ ಗುಡ್ಡೆಯ ಬೂದಿ. ಅದು ಎಂಥ ಬೂದಿ? ಹೊಟ್ಟನ್ನು ಯಾರು, ಯಾವ ಒಲೆಯಲ್ಲಿ, ಎಷ್ಟು ಬಿಸಿಯಲ್ಲಿ ಸುಟ್ಟರು? ಅಲ್ಲಿಂದ ಶುರು ಮಾಡು.

---

ತುಮಕೂರು_ತಂದೆ

ನನ್ನ ಮಗನಿಗೂ ಪ್ರಾಜೆಕ್ಟ್ ಪತ್ರ ಬೇಕಾಗಿದೆ. ಕಂಪನಿಯವರು ಕಾಲೇಜಿನಿಂದ ಪತ್ರ ತಂದರೆ ಮಾತ್ರ ಒಳಗೆ ಬಿಡುತ್ತೇವೆ ಎನ್ನುತ್ತಿದ್ದಾರೆ. ಇದೇ ಮಾದರಿಯಲ್ಲಿ ಬರೆಯಬಹುದೇ?

---

ದಾವಣಗೆರೆ_ಅಧ್ಯಾಪಕಿ

ಇಲ್ಲ ಸರ್, ಅದು ಬೇರೆ. ನಿಮಗೆ ಬೇಕಾಗಿರುವುದು ಕಾಲೇಜು ಕಂಪನಿಗೆ ಕೊಡುವ ಪರಿಚಯ ಪತ್ರ. ಅದನ್ನು ವಿಭಾಗದ ಮುಖ್ಯಸ್ಥರ ಕಚೇರಿಯಲ್ಲಿ ಕೊಡುತ್ತಾರೆ, ಮಗ ಒಂದು ಅರ್ಜಿ ಕೊಟ್ಟರೆ ಸಾಕು. ಇಲ್ಲಿ ನಡೆದಿರುವುದು ವಿದ್ಯಾರ್ಥಿನಿ ತನ್ನ ಗೈಡ್‌ಗೆ ಬರೆಯುವ ಪತ್ರದ ಮಾತು.

---

ಲ್ಯಾಬ್_ಮೇಷ್ಟ್ರು

ಮೂವತ್ತು ವರ್ಷ ಕಾಂಕ್ರೀಟ್ ಪ್ರಯೋಗಾಲಯ ನೋಡಿಕೊಂಡು ಈಗ ನಿವೃತ್ತನಾಗಿದ್ದೇನೆ. ತಂಗಿ, ನಿನ್ನ ಪಟ್ಟಿಯನ್ನು ನಾನು ಲೆಕ್ಕ ಹಾಕಿ ನೋಡಿದೆ. ನೀನೂ ಒಮ್ಮೆ ಹಾಕಿ ನೋಡು.

ಮೂರು ದರ್ಜೆ, ಒಂದೊಂದಕ್ಕೂ ಆರು ಪ್ರಮಾಣ. ಅಲ್ಲಿಗೆ 18 ಮಿಶ್ರಣ. ಮೂರು ವಯಸ್ಸಿಗೆ ಮೂರು ಮೂರು ಘನಗಳಂತೆ ಒಂದು ಮಿಶ್ರಣಕ್ಕೆ 9. ಒಟ್ಟು 162 ಘನ. 150 ಮಿಲಿಮೀಟರಿನ ಒಂದು ಕಾಂಕ್ರೀಟ್ ಘನ ಎಂಟು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ. ಎಲ್ಲ ಸೇರಿ 1,300 ಕಿಲೋ ದಾಟುತ್ತದೆ. ಇಷ್ಟನ್ನು ಕಲಸಿ, ತುಂಬಿ, ಎತ್ತಿ, ನೀರಿನ ತೊಟ್ಟಿಗೆ ಇಳಿಸಿ, ಮತ್ತೆ ಎತ್ತಿ ಒಡೆಯುವವರು ನಾಲ್ಕೇ ಜನ.

ಇನ್ನು ಅಚ್ಚು. ನಿಮ್ಮ ಕಾಲೇಜಿನಲ್ಲಿ ಸರಿಯಾಗಿ ಬೋಲ್ಟ್ ಬಿಗಿಯುವ ಅಚ್ಚುಗಳು ಎಷ್ಟಿವೆ, ಎಣಿಸಿದ್ದೀರಾ? ಸಾಮಾನ್ಯವಾಗಿ ಹನ್ನೆರಡು ಸಿಕ್ಕರೆ ಹೆಚ್ಚು. ಇಂದು ತುಂಬಿದ ಅಚ್ಚನ್ನು ಬಿಚ್ಚುವುದು ನಾಳೆ. ಬಿಚ್ಚಿ, ಕೆರೆದು, ಎಣ್ಣೆ ಸವರಿ ಮತ್ತೆ ತುಂಬುವಾಗ ದಿನ ಬಿಟ್ಟು ದಿನ ಎಂದಾಯಿತು. 18 ಮಿಶ್ರಣಕ್ಕೆ 36 ದಿನ. ನಡುವೆ ಹಬ್ಬ, ಆಂತರಿಕ ಪರೀಕ್ಷೆ, ಕರೆಂಟ್ ಹೋದ ದಿನ ಬೇರೆ. ಅದೇ ಅಚ್ಚುಗಳಿಗೆ ಇನ್ನೂ ಮೂರು ತಂಡ ಕಾದಿರುತ್ತವೆ.

ಗೈಡ್ ಆದವನು ಈ ಪತ್ರ ನೋಡಿದ ಕ್ಷಣವೇ ಇವರು ಪ್ರಯೋಗಾಲಯದ ಒಳಗೆ ಹೋಗಿಯೇ ಇಲ್ಲ ಎಂದು ತಿಳಿದುಕೊಳ್ಳುತ್ತಾನೆ.

---

ಕಾರಟಗಿ_ಸಿವಿಲ್

ಮೇಷ್ಟ್ರೇ, ಈಗ ತಾನೇ ಹೋಗಿ ಎಣಿಸಿ ಬಂದೆ. ಹದಿನಾಲ್ಕು ಅಚ್ಚುಗಳಿವೆ. ಎರಡರ ತಳದ ಪಟ್ಟಿ ಬಾಗಿದೆ. ಅಲ್ಲಿಗೆ ಹನ್ನೆರಡೇ. ಏಪ್ರಿಲ್ 30ಕ್ಕೆ ವರದಿ ಒಪ್ಪಿಸಬೇಕು. ಈಗ ಜನವರಿ ಅರ್ಧ ಕಳೆದಿದೆ.

---

ಎಂಟೆಕ್_ಹುಬ್ಬಳ್ಳಿ

ಅದಕ್ಕೇನು, ದರ್ಜೆ ಒಂದಕ್ಕೆ ಇಳಿಸಿ. ಎಂ25 ಮಾತ್ರ. ಮುಗಿಯಿತು. ಇನ್ನು ಬೂದಿ ಆರಿಸುವಾಗ ಬಣ್ಣ ನೋಡಿ. ಕಪ್ಪು ಬೂದಿ ಬೇಡ, ಅದರಲ್ಲಿ ಇದ್ದಿಲು ಉಳಿದಿರುತ್ತದೆ. ಬಿಳಿ ಇದ್ದಷ್ಟೂ ಒಳ್ಳೆಯ ಬೂದಿ.

---

ಲ್ಯಾಬ್_ಮೇಷ್ಟ್ರು

ಮೊದಲ ಮಾತು ಸರಿ, ಎರಡನೆಯದು ಅರ್ಧ ಸರಿ. ಕಪ್ಪು ಎಂದರೆ ಸುಡದೆ ಉಳಿದ ಇಂಗಾಲ, ಒಪ್ಪುತ್ತೇನೆ. ಆದರೆ ಬಿಳಿ ಎಂದರೆ ಒಳ್ಳೆಯದು ಎಂದೇನೂ ಅಲ್ಲ.

ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಅದು ಸಿಮೆಂಟಿನಿಂದ ಹೊರಬರುವ ಸುಣ್ಣದೊಡನೆ ಕೂಡಿ ಗಟ್ಟಿಯಾಗಬೇಕಾದರೆ ಹರಳುಗಟ್ಟದ ರೂಪದಲ್ಲಿ ಇರಬೇಕು. ಸುಮಾರು 700 ಡಿಗ್ರಿಯೊಳಗೆ ಹದವಾಗಿ ಸುಟ್ಟರೆ ಆ ರೂಪ ಉಳಿಯುತ್ತದೆ. ಬಿಸಿ ಬಹಳ ಏರಿ ಹೆಚ್ಚು ಹೊತ್ತು ನಿಂತರೆ ಇಂಗಾಲವೆಲ್ಲ ಉರಿದು ಬೂದಿ ಬೆಳ್ಳಗಾಗುತ್ತದೆ, ಆದರೆ ಒಳಗಿನ ಸಿಲಿಕಾ ಹರಳಾಗಿರುತ್ತದೆ. ಆಗ ಅದು ಸುಣ್ಣದೊಡನೆ ಸೇರುವುದೇ ಇಲ್ಲ, ಸಣ್ಣ ಮರಳಿನಂತೆ ಸುಮ್ಮನೆ ಕುಳಿತಿರುತ್ತದೆ. ಕಣ್ಣಿಗೆ ಅಂದವಾದ ಬೂದಿ, ಕೆಲಸಕ್ಕೆ ಬಾರದ್ದು.

ನೀವು ಓದಿರುವ ಪ್ರಬಂಧಗಳಲ್ಲಿ ಹಲವರು ಪ್ರಯೋಗಾಲಯದ ಕುಲುಮೆಯಲ್ಲಿ ಬಿಸಿ ಅಳೆದು ಸುಟ್ಟ ಬೂದಿಯನ್ನು ನುಣ್ಣಗೆ ಅರೆದು ಬಳಸಿರುತ್ತಾರೆ. ಶೇ. 10 ಎಂಬ ಉತ್ತರ ಅಂಥ ಬೂದಿಯದು. ಗಿರಣಿಯ ಬಾಯ್ಲರಿನಿಂದ ಸಲಿಕೆಯಲ್ಲಿ ಎಳೆದು ಹಾಕಿದ ಬೂದಿಗೆ ಅದೇ ಉತ್ತರ ಬರುತ್ತದೆ ಎನ್ನಲು ಆಧಾರವಿಲ್ಲ. ತಂಗಿ, ನಿನ್ನ ಪ್ರಶ್ನೆ ಇರುವುದು ಇಲ್ಲಿ.

---

ಗಿರಣಿ_ಬಾಯ್ಲರ್

ಸಿಂಧನೂರು ಕಡೆಯ ಗಿರಣಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತೇನೆ. ಈ ಚರ್ಚೆಯನ್ನು ನಮ್ಮ ಹುಡುಗ ತೋರಿಸಿದ. ಮೇಷ್ಟ್ರು ಹೇಳಿದ್ದಕ್ಕೆ ನಾನು ಕಣ್ಣಾರೆ ಕಂಡದ್ದನ್ನು ಸೇರಿಸುತ್ತೇನೆ.

ಭತ್ತ ಕುದಿಸಲು ಉಗಿ ಬೇಕು, ಅದಕ್ಕೆ ಹೊಟ್ಟನ್ನೇ ಉರಿಸುತ್ತೇವೆ. ನೂರು ಕಿಲೋ ಭತ್ತಕ್ಕೆ ಸುಮಾರು ಇಪ್ಪತ್ತು ಕಿಲೋ ಹೊಟ್ಟು. ಅದನ್ನು ಸುಟ್ಟರೆ ಉಳಿಯುವುದು ನಾಲ್ಕು ಕಿಲೋ ಬೂದಿ. ಉರಿ ಒಂದೇ ಸಮನಾಗಿ ಇರುವುದಿಲ್ಲ. ಬೆಳಗ್ಗೆ ಹೊತ್ತಿಸಿದಾಗ ಬರುವ ಬೂದಿ ಕಪ್ಪು, ಒಲೆ ಕಾದ ಮೇಲೆ ಬರುವುದು ಬೂದು ಬಣ್ಣ. ಹೊಟ್ಟು ಒದ್ದೆಯಿದ್ದರೆ ಮತ್ತೆ ಕಪ್ಪು. ಒಂದೇ ದಿನದಲ್ಲಿ ಮೂರು ಬಣ್ಣ ನೋಡಿದ್ದೇನೆ.

ಇನ್ನೊಂದು ವಿಷಯ. ಬೂದಿ ಹಾರಬಾರದೆಂದು ಹೊರಗೆ ಎಳೆದ ತಕ್ಷಣ ನೀರು ಹೊಡೆಯುತ್ತೇವೆ. ಗುಡ್ಡೆಯಿಂದ ತುಂಬಿಕೊಂಡು ಹೋದರೆ ಒದ್ದೆ ಬೂದಿ, ಜೊತೆಗೆ ಮಣ್ಣು, ಸುಡದ ಹೊಟ್ಟು ಎಲ್ಲವೂ ಬರುತ್ತದೆ. ಬೇಕಿದ್ದರೆ ಬೂದಿ ಎಳೆಯುವ ಹೊತ್ತಿಗೆ ಕಬ್ಬಿಣದ ಡ್ರಮ್ ತನ್ನಿ. ಚೀಲ ತಂದರೆ ಸುಟ್ಟುಹೋಗುತ್ತದೆ.

---

ದಾವಣಗೆರೆ_ಅಧ್ಯಾಪಕಿ

ಇಂಥ ಮಾತು ಪತ್ರದಲ್ಲಿ ಎರಡು ಸಾಲು ಇದ್ದರೆ ನಾನು ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ. "ಹೇರಳವಾಗಿ ಸಿಗುತ್ತದೆ" ಎನ್ನುವುದಕ್ಕೂ "ಒಂದೇ ದಿನ ಮೂರು ಬಣ್ಣದ ಬೂದಿ ಬರುತ್ತದೆ" ಎನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಅಣ್ಣ, ತುಂಬಾ ಉಪಕಾರವಾಯಿತು.

---

ಸಾಗರದ_ಬಿಸಿಎ

ನನ್ನದು ಬೇರೆ ವಿಭಾಗ, ಆದರೂ ಹೇಳುತ್ತೇನೆ. ಅಡಿಕೆ ಸೊಸೈಟಿಯ ಲೆಕ್ಕಕ್ಕೆ ತಂತ್ರಾಂಶ ಮಾಡುತ್ತೇವೆ ಎಂದು ಪತ್ರ ಕೊಟ್ಟಿದ್ದೆವು. ಗೈಡ್ ಮೇಡಂ ಮೂರು ವಾರ ಪತ್ರವನ್ನು ಇಟ್ಟುಕೊಂಡು, ಕೊನೆಗೆ "ಸೊಸೈಟಿಯವರು ಈಗ ಲೆಕ್ಕವನ್ನು ಹೇಗೆ ಬರೆಯುತ್ತಾರೆ?" ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಹೋಗಿ ಕುಳಿತು ನೋಡಿದಾಗ ತಿಳಿಯಿತು, ಅವರಿಗೆ ತೊಂದರೆ ಇದ್ದದ್ದು ಲೆಕ್ಕದಲ್ಲಿ ಅಲ್ಲ. ಒಂದೇ ಹೆಸರಿನ ಐದಾರು ಸದಸ್ಯರಿದ್ದು ಚೀಟಿಗಳು ಅದಲುಬದಲಾಗುತ್ತಿದ್ದವು. ವಿಷಯವೇ ಬದಲಾಯಿತು. ಮೂರು ವಾರ ಹೋದದ್ದಕ್ಕೆ ಮಾತ್ರ ನನಗೆ ಇಂದಿಗೂ ಬೇಸರವಿದೆ. ಅದೇ ಪ್ರಶ್ನೆಯನ್ನು ಮೊದಲ ದಿನವೇ ಕೇಳಬಹುದಿತ್ತು.

---

ಕನ್ನಡ_ಎಂಎ

ಒಂದು ಮಾತು ಕೇಳುತ್ತೇನೆ, ಯಾರೂ ಬೇಸರಿಸಬೇಡಿ. ಗೈಡ್ ಕನ್ನಡದವರು, ವಿದ್ಯಾರ್ಥಿನಿ ಕನ್ನಡದವಳು, ಬೂದಿ ಕಾರಟಗಿಯದು. ಪತ್ರ ಮಾತ್ರ ಇಂಗ್ಲಿಷಿನಲ್ಲಿ ಏಕೆ? ಕನ್ನಡದಲ್ಲಿ ಬರೆದಿದ್ದರೆ "ಹೇರಳವಾಗಿ" ಎಂಬ ಪೊಳ್ಳು ಮಾತಿನ ಬದಲು ಗುಡ್ಡೆಯ ಮಾತು ತಾನಾಗಿಯೇ ಬರುತ್ತಿತ್ತು ಎಂದು ನನ್ನ ನಂಬಿಕೆ.

---

ಮಸ್ಕತ್_ಕನ್ನಡಿಗ

ಪತ್ರ ವಿಭಾಗದ ಕಡತಕ್ಕೆ ಹೋಗುತ್ತದೆ, ಹೊರಗಿನ ಪರೀಕ್ಷಕರು ನೋಡುತ್ತಾರೆ. ಇಂಗ್ಲಿಷ್ ಬೇಕೇ ಬೇಕು. ಭಾಷೆಯ ಜಗಳಕ್ಕೆ ಇದು ಜಾಗವಲ್ಲ.

---

ಕನ್ನಡ_ಎಂಎ

ಜಗಳವಲ್ಲ ಸರ್. ಮೊದಲು ಕನ್ನಡದಲ್ಲಿ ಯೋಚಿಸಿ ಬರೆದು, ಆಮೇಲೆ ಇಂಗ್ಲಿಷಿಗೆ ತರಲಿ ಎನ್ನುತ್ತಿದ್ದೇನೆ. ಮಾದರಿ ಪತ್ರ ನೋಡಿ ನಕಲು ಮಾಡುವುದು ತಪ್ಪುತ್ತದೆ.

---

ಕಾರಟಗಿ_ಸಿವಿಲ್

ಅದು ನಿಜ. ಹಿಂದಿನ ವರ್ಷದವರ ಪತ್ರವನ್ನು ಮುಂದಿಟ್ಟುಕೊಂಡೇ ನಾವು ಬರೆದದ್ದು. "ಪರಿಸರ ಸಂರಕ್ಷಣೆಗೆ ನೆರವಾಗುತ್ತದೆ" ಎಂಬ ಸಾಲು ಅವರದೇ.

ಪ್ರಶ್ನೆಯನ್ನು ಹೀಗೆ ಇಡಬಹುದೇ? "ಗಿರಣಿಯ ಬೂದಿಯನ್ನು ಇದ್ದ ಹಾಗೆಯೇ ಬಳಸಿದರೆ ಬಲ ಎಷ್ಟು, ಅರೆದು ಬಳಸಿದರೆ ಎಷ್ಟು?" ಶೇ. 10 ಒಂದೇ ಪ್ರಮಾಣ, ಎಂ25 ಒಂದೇ ದರ್ಜೆ. ಆದರೆ ಅರೆಯಲು ನಮ್ಮ ಬಳಿ ಯಂತ್ರವಿಲ್ಲ.

---

ಲ್ಯಾಬ್_ಮೇಷ್ಟ್ರು

ಈಗ ಪ್ರಶ್ನೆ ಬಂತು. ಯಂತ್ರವೂ ಇದೆ. ಹೆದ್ದಾರಿ ಪ್ರಯೋಗಾಲಯದಲ್ಲಿ ಜಲ್ಲಿಯ ಸವೆತ ನೋಡುವ ಲಾಸ್ ಏಂಜಲೀಸ್ ಯಂತ್ರ ಇರುತ್ತದೆಯಲ್ಲ, ಕಬ್ಬಿಣದ ಗುಂಡು ಹಾಕಿ ತಿರುಗಿಸುವ ದೊಡ್ಡ ಡ್ರಮ್. ಅದರಲ್ಲಿಯೇ ಬೂದಿ ಅರೆಯಬಹುದು, ನಾವು ಅರೆದಿದ್ದೇವೆ. ಮೊದಲು ಬೂದಿಯನ್ನು ಒಲೆಯಲ್ಲಿ ಚೆನ್ನಾಗಿ ಒಣಗಿಸಬೇಕು. ತೇವವಿದ್ದರೆ ಡ್ರಮ್ಮಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. ಮುಚ್ಚಳದ ಸಂದಿಗೆ ರಬ್ಬರ್ ಪಟ್ಟಿ ಇಡದಿದ್ದರೆ ಅರ್ಧ ಬೂದಿ ಕೋಣೆಯಲ್ಲಿ ಹಾರಾಡುತ್ತದೆ. ಮೂಗಿಗೆ ಒಳ್ಳೆಯ ಮುಖಗವಸು ಹಾಕಿಕೊಳ್ಳಿ, ಸಿಲಿಕಾ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗಂಟೆಗೊಮ್ಮೆ ನಿಲ್ಲಿಸಿ, ಒಂದು ಹಿಡಿ ತೆಗೆದು 90 ಮೈಕ್ರಾನ್ ಜರಡಿಯಲ್ಲಿ ಜರಡಿ ಹಿಡಿದು, ಮೇಲೆ ಎಷ್ಟು ಉಳಿಯಿತು ಎಂದು ಬರೆದಿಡಿ. 45 ಮೈಕ್ರಾನ್ ಜರಡಿ ಸಿಕ್ಕರೆ ಇನ್ನೂ ಒಳ್ಳೆಯದು.

ಇಂಗಾಲದ ಪ್ರಮಾಣ ತಿಳಿಯಲು ರಸಾಯನಶಾಸ್ತ್ರ ವಿಭಾಗದ ಕುಲುಮೆ ಸಾಕು. ಒಣಗಿದ ಬೂದಿ ಒಂದು ಗ್ರಾಮ್ ತೂಗಿ, ಮೂಸೆಯಲ್ಲಿಟ್ಟು, 900 ಡಿಗ್ರಿ ದಾಟಿಸಿ, ತೂಕ ಇಳಿಯುವುದು ನಿಲ್ಲುವವರೆಗೆ ಸುಟ್ಟು ನೋಡಿ. ಎಷ್ಟು ಕಡಿಮೆಯಾಯಿತೋ ಬಹುಪಾಲು ಅದೇ ಇಂಗಾಲ. ಬೂದಿಯ ಚುರುಕು ಎಷ್ಟು ಎಂಬುದಕ್ಕೆ ಭಾರತೀಯ ಮಾನಕ ಐಎಸ್ 1727ರಲ್ಲಿ ಸುಣ್ಣದ ಗಾರೆಯ ಪರೀಕ್ಷೆ ಇದೆ. ಹತ್ತೇ ದಿನದಲ್ಲಿ ಉತ್ತರ ಸಿಗುತ್ತದೆ. ಹರಳುಗಟ್ಟಿದೆಯೇ ಎಂದು ಕ್ಷಕಿರಣದಿಂದ ನೋಡುವ ಅನುಕೂಲ ನಿಮ್ಮಲ್ಲಿ ಇರಲಾರದು, ಈ ಪರೀಕ್ಷೆ ಅದಕ್ಕೆ ಬಡವರ ಉತ್ತರ.

---

ಮಸ್ಕತ್_ಕನ್ನಡಿಗ

ಹದಿನೈದು ವರ್ಷದಿಂದ ಕಟ್ಟಡದ ಕೆಲಸದಲ್ಲಿದ್ದೇನೆ. ನನಗೆ ಇಂಥ ಪ್ರಾಜೆಕ್ಟುಗಳ ಫಲಿತಾಂಶದ ಮೇಲೆ ನಂಬಿಕೆಯೇ ಇಲ್ಲ, ಕಾರಣ ನೀರು. ಹೊಟ್ಟಿನ ಬೂದಿಯ ಕಣಗಳಲ್ಲಿ ತೂತುಗಳೇ ಹೆಚ್ಚು, ನೀರನ್ನು ಹೀರಿಬಿಡುತ್ತವೆ. ಮಿಶ್ರಣ ಗಟ್ಟಿಯಾಗುತ್ತದೆ, ಅಚ್ಚಿಗೆ ಇಳಿಯುವುದಿಲ್ಲ. ಹುಡುಗರು ಏನು ಮಾಡುತ್ತಾರೆ? ಯಾರಿಗೂ ಹೇಳದೆ ಒಂದು ಚೊಂಬು ನೀರು ಸುರಿಯುತ್ತಾರೆ. ಆಮೇಲೆ ಬಲ ಇಳಿದರೆ "ಬೂದಿಯಿಂದ ಇಳಿಯಿತು" ಎಂದು ವರದಿ ಬರೆಯುತ್ತಾರೆ. ಇಳಿಸಿದ್ದು ಆ ಚೊಂಬು ನೀರು.

ಒಪ್ಪಿಗೆ ಪತ್ರದಲ್ಲಿಯೇ ಬರೆಯಿರಿ: ಸಿಮೆಂಟು, ಬೂದಿ ಎರಡೂ ಸೇರಿದ ತೂಕಕ್ಕೆ ನೀರಿನ ಪ್ರಮಾಣ 0.50, ಎಲ್ಲ ಮಿಶ್ರಣಗಳಿಗೂ ಅದೇ. ಹದ ಸಾಲದಿದ್ದರೆ ಸೂಪರ್ ಪ್ಲಾಸ್ಟಿಸೈಜರ್ ಹೆಚ್ಚಿಸುತ್ತೇವೆ, ನೀರು ಹೆಚ್ಚಿಸುವುದಿಲ್ಲ.

ಇನ್ನೊಂದು. ಅಂಗಡಿಯಲ್ಲಿ "ಸಿಮೆಂಟ್ ಕೊಡಿ" ಎಂದರೆ ಹೆಚ್ಚಾಗಿ ಪಿಪಿಸಿ ಕೊಡುತ್ತಾರೆ. ಅದರಲ್ಲಿ ಕಲ್ಲಿದ್ದಲಿನ ಹಾರುಬೂದಿ ಮೊದಲೇ ಸೇರಿರುತ್ತದೆ. ಬೂದಿ ಇರುವ ಸಿಮೆಂಟಿಗೆ ಮತ್ತೆ ಬೂದಿ ಹಾಕಿ ಯಾವುದರ ಗುಣವನ್ನು ಅಳೆಯುತ್ತೀರಿ? ಬೂದಿ ಬೆರೆಸದ ಸಿಮೆಂಟ್ ಬೇಕು, ಚೀಲದ ಮೇಲೆ ಒಪಿಸಿ ಎಂದು ಇದೆಯೇ ಎಂದು ಓದಿ ತನ್ನಿ.

---

ಎಂಟೆಕ್_ಹುಬ್ಬಳ್ಳಿ

ಪಿಪಿಸಿಯನ್ನೇ ಬಳಸಬೇಕು ಎನ್ನುತ್ತೇನೆ ನಾನು. ಊರಲ್ಲಿ ಮನೆ ಕಟ್ಟುವವರು ಬಳಸುವುದು ಅದನ್ನೇ. ಅವರಿಗೆ ಉಪಯೋಗವಾಗದ ಫಲಿತಾಂಶ ಏಕೆ ಬೇಕು?

---

ಮಸ್ಕತ್_ಕನ್ನಡಿಗ

ಮೊದಲು ಬೂದಿ ಏನು ಮಾಡುತ್ತದೆ ಎಂದು ತಿಳಿಯಲಿ, ಆಮೇಲೆ ಮನೆ ಕಟ್ಟೋಣ.

---

ಎಂಟೆಕ್_ಹುಬ್ಬಳ್ಳಿ

ಒಪ್ಪುವುದಿಲ್ಲ. ಮುಂದಿನ ವರ್ಷ ಯಾವುದಾದರೂ ತಂಡ ಪಿಪಿಸಿಯಲ್ಲಿ ಮಾಡಲಿ, ಆಗ ನೋಡೋಣ.

---

ದಾವಣಗೆರೆ_ಅಧ್ಯಾಪಕಿ

ಈ ಜಗಳ ಇಲ್ಲಿ ತೀರದು, ಆದರೆ ಇಬ್ಬರ ಮಾತಿಗೂ ಪತ್ರದಲ್ಲಿ ಒಂದು ಸಾಲು ಸಾಕು: ಯಾವ ಸಿಮೆಂಟ್, ಏಕೆ.

ಈಗ ದಿನಗಳನ್ನು ನೋಡೋಣ. ವರದಿಗೆ ಹತ್ತು ದಿನ ಮೊದಲು, ಅಂದರೆ ಏಪ್ರಿಲ್ 20ಕ್ಕೆ ಕೊನೆಯ ಘನ ಒಡೆಯಬೇಕು. 56 ದಿನದ ಬಲ ಬೇಕೆಂದರೆ ಕೊನೆಯ ಅಚ್ಚು ತುಂಬುವುದು ಫೆಬ್ರವರಿ 23ರೊಳಗೆ. 28 ದಿನ ಸಾಕೆಂದರೆ ಮಾರ್ಚ್ 23ರವರೆಗೆ ಸಮಯವಿದೆ. ಇಂಥ ಬೂದಿಯ ಕೆಲಸ ನಿಧಾನ, ಅದರಲ್ಲಿಯೂ ಅರೆಯದ ಬೂದಿಯದು ಇನ್ನೂ ನಿಧಾನ. ಹಾಗಾಗಿ 56 ದಿನದ ಅಂಕಿ ಇದ್ದರೆ ಹೋಲಿಕೆಗೆ ಬಲ ಬರುತ್ತದೆ. ಒಂದು ತಿಂಗಳಲ್ಲಿ ಬೂದಿ ತಂದು, ಅರೆದು, ಜರಡಿ ಹಿಡಿದು ಸಿದ್ಧಮಾಡಲು ಆಗುತ್ತದೆಯೇ ಎಂದು ನೀವೇ ನಿರ್ಧರಿಸಿ.

ಇನ್ನೊಂದು ಮಾತು. ಒಂದೇ ಗುಂಪಿನ ಮೂರು ಘನಗಳ ಬಲ ಅವುಗಳ ಸರಾಸರಿಗಿಂತ ಶೇ. 15ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು ಎಂದು ಐಎಸ್ 456 ಹೇಳುತ್ತದೆ. ಅಂದರೆ ಮೂರೇ ಘನ ಒಡೆದು ಒಂದೆರಡು ಅಂಕಿಯ ವ್ಯತ್ಯಾಸ ಕಂಡರೆ ಅದನ್ನು ಬೂದಿಯ ಗುಣವೆಂದು ಹೇಳುವಂತಿಲ್ಲ. ಮೊದಲು ಬೂದಿ ಇಲ್ಲದ ಘನಗಳ ಬಲವನ್ನು ನೋಡಿ. ಎಂ25ಕ್ಕೆ ವಿನ್ಯಾಸದ ಗುರಿ ಚದರ ಮಿಲಿಮೀಟರಿಗೆ 31.6 ನ್ಯೂಟನ್. ಅವೇ 24ಕ್ಕೆ ಒಡೆದರೆ ದೋಷ ನಿಮ್ಮ ಕಲಸುವಿಕೆಯಲ್ಲಿ, ಕುಟ್ಟುವಿಕೆಯಲ್ಲಿ ಇದೆ. ಆಗ ಬೂದಿ ಹಾಕಿದ ಘನಗಳ ಅಂಕಿಗಳನ್ನು ಮುಂದಿಡಬೇಡಿ.

---

ರಾಯಚೂರು_ಅಜ್ಜಿಮನೆ

ನಮ್ಮ ಅಜ್ಜಿ ಹೊಟ್ಟಿನ ಬೂದಿಯಿಂದಲೇ ಹಿತ್ತಾಳೆ ಪಾತ್ರೆ ತಿಕ್ಕುತ್ತಿದ್ದರು. ಹುಣಸೆಹಣ್ಣು ಹಚ್ಚಿ, ಮೇಲೆ ಬೂದಿ ಹಾಕಿ ತಿಕ್ಕಿದರೆ ಚಿನ್ನದಂತೆ ಹೊಳೆಯುತ್ತಿತ್ತು. ಅದರಲ್ಲಿ ಸಿಲಿಕಾ ಇದೆ ಎಂದು ಈಗ ತಿಳಿಯಿತು.

---

ಸಾಗರದ_ಬಿಸಿಎ

ನಮ್ಮಲ್ಲಿ ಒಲೆಯ ಸೌದೆ ಬೂದಿ ಬಳಸುತ್ತಿದ್ದರು. ಹೊಟ್ಟಿನದಾದರೆ ಪಾತ್ರೆಯ ಮೇಲೆ ಗೆರೆ ಬೀಳುವುದಿಲ್ಲವೇ?

---

ರಾಯಚೂರು_ಅಜ್ಜಿಮನೆ

ಬಟ್ಟೆಯಲ್ಲಿ ಸೋಸಿಕೊಂಡು ಬಳಸುತ್ತಿದ್ದರು. ಒರಟು ಬೂದಿ ಬಚ್ಚಲಿಗೆ.

---

ಕಾರಟಗಿ_ಸಿವಿಲ್

ನಿನ್ನೆ ಇಡೀ ರಾತ್ರಿ ನಾಲ್ವರೂ ಕುಳಿತು ಬರೆದೆವು. ಮೊದಲು ಕನ್ನಡದಲ್ಲಿಯೇ ಬರೆದು, ಆಮೇಲೆ ಇಂಗ್ಲಿಷ್ ಮಾಡಿದ್ದೇವೆ. ಕನ್ನಡದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

"ಮಾನ್ಯರೇ,

ವಿಷಯ: ಗಿರಣಿಯ ಬಾಯ್ಲರಿನಿಂದ ಬಂದ ಹೊಟ್ಟಿನ ಬೂದಿಯನ್ನು ಅರೆಯುವುದರಿಂದ ಎಂ25 ಕಾಂಕ್ರೀಟಿನ ಬಲದಲ್ಲಿ ಆಗುವ ವ್ಯತ್ಯಾಸ. ಒಪ್ಪಿಗೆ ಕೋರಿ.

ಕಾರಟಗಿ ಭಾಗದ ಗಿರಣಿಗಳ ಬೂದಿ ಪ್ರಯೋಗಾಲಯದಲ್ಲಿ ಸುಟ್ಟ ಬೂದಿಯಂತೆ ಇರುವುದಿಲ್ಲ. ಉರಿ ಏರಿಳಿಯುವುದರಿಂದ ಅದರಲ್ಲಿ ಸುಡದ ಇಂಗಾಲ ಉಳಿದಿರುತ್ತದೆ, ಕಣಗಳೂ ಒರಟು. ಇಂಥ ಬೂದಿಯನ್ನು ಕಾಲೇಜಿನಲ್ಲಿಯೇ ಇರುವ ಲಾಸ್ ಏಂಜಲೀಸ್ ಯಂತ್ರದಲ್ಲಿ ಅರೆದರೆ ಅದು ಸಿಮೆಂಟಿನ ಶೇ. 10ರ ಜಾಗದಲ್ಲಿ ನಿಲ್ಲಬಲ್ಲದೇ ಎಂಬುದು ನಮ್ಮ ಪ್ರಶ್ನೆ.

ಮೂರು ಮಿಶ್ರಣ ಮಾಡುತ್ತೇವೆ: ಬೂದಿ ಇಲ್ಲದ್ದು, ಅರೆಯದ ಬೂದಿ ಶೇ. 10, ಅರೆದ ಬೂದಿ ಶೇ. 10. 7, 28, 56 ದಿನಗಳಿಗೆ ಮೂರು ಮೂರರಂತೆ ಒಟ್ಟು 27 ಘನ. ಸಿಮೆಂಟ್ ಒಪಿಸಿ 43 ದರ್ಜೆ, ಒಂದೇ ಚೀಲದಿಂದ. ನೀರಿನ ಪ್ರಮಾಣ ಮೂರಕ್ಕೂ 0.50. ಬೂದಿಯ ಇಂಗಾಲವನ್ನೂ ಸುಣ್ಣದೊಡನೆ ಅದರ ಚುರುಕನ್ನೂ ಮೊದಲೇ ಅಳೆಯುತ್ತೇವೆ.

ನಮಗೆ ಬೇಕಾದದ್ದು: ಫೆಬ್ರವರಿ 19, 21, 23ರಂದು 9 ಅಚ್ಚು ಮತ್ತು ಕಲಸುವ ಯಂತ್ರ, ಫೆಬ್ರವರಿ ಮೊದಲ ವಾರ ಎರಡು ದಿನ ಹೆದ್ದಾರಿ ಪ್ರಯೋಗಾಲಯ, ಒಂದು ದಿನ ರಸಾಯನಶಾಸ್ತ್ರ ವಿಭಾಗದ ಕುಲುಮೆ.

ಅರೆದ ಬೂದಿಯಿಂದಲೂ ಬಲ ಇಳಿದರೆ, ಎಷ್ಟು ಇಳಿಯಿತು, ಇಂಗಾಲ ಎಷ್ಟಿತ್ತು ಎಂಬುದನ್ನು ಹಾಗೆಯೇ ವರದಿ ಮಾಡುತ್ತೇವೆ."

ಸಿಮೆಂಟ್ ಲೆಕ್ಕವನ್ನೂ ಹಾಕಿದೆವು. ಒಂದು ಮಿಶ್ರಣದ 9 ಘನಕ್ಕೆ 0.03 ಘನ ಮೀಟರ್, ಚೆಲ್ಲಿಹೋಗುವುದನ್ನು ಸೇರಿಸಿ 0.036. ಘನ ಮೀಟರಿಗೆ 340 ಕಿಲೋ ಎಂದರೆ 12 ಕಿಲೋ ಚಿಲ್ಲರೆ. ಮೂರಕ್ಕೂ ಒಂದೇ ಚೀಲ ಸಾಕು. ಮೊದಲು ನಾವು ಮನೆಯವರ ಬಳಿ ಹತ್ತು ಚೀಲಕ್ಕೆ ದುಡ್ಡು ಕೇಳಿದ್ದೆವು.

---

ಲ್ಯಾಬ್_ಮೇಷ್ಟ್ರು

ಚೆನ್ನಾಗಿದೆ. ಎರಡು ತಿದ್ದುಪಡಿ. ಮೊದಲನೆಯದು, ಚೀಲವನ್ನು ಬಿಚ್ಚಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ, 19ರಂದು ತೆಗೆದ ಸಿಮೆಂಟು 23ರಂದು ಹೊರಗಿದ್ದರೆ ತೇವ ಎಳೆದಿರುತ್ತದೆ. ಎರಡನೆಯದು, ಬೂದಿ ಸಿಮೆಂಟಿಗಿಂತ ಬಹಳ ಹಗುರ. ತೂಕದಲ್ಲಿ ಶೇ. 10 ತೆಗೆದು ಅಷ್ಟೇ ತೂಕದ ಬೂದಿ ಹಾಕಿದರೆ ಗಾತ್ರ ಹೆಚ್ಚುತ್ತದೆ. ಅದಕ್ಕೆ ತಕ್ಕಂತೆ ಮರಳನ್ನು ಸ್ವಲ್ಪ ಕಡಿಮೆ ಮಾಡಿ. "ತೂಕದಲ್ಲಿ" ಎಂಬ ಪದವನ್ನು ಪತ್ರದಲ್ಲಿ ಸೇರಿಸಿ.

---

ಎಂಟೆಕ್_ಹುಬ್ಬಳ್ಳಿ

ಪತ್ರ ಮೊದಲಿಗಿಂತ ಎಷ್ಟೋ ಮೇಲು, ಒಪ್ಪುತ್ತೇನೆ. ಆದರೂ ಒಂದೇ ಪ್ರಮಾಣ ಸಾಲದು. ಶೇ. 20 ಇನ್ನೊಂದು ಇದ್ದರೆ ಗೆರೆ ಎಳೆದು ತೋರಿಸಬಹುದಿತ್ತು.

---

ದಾವಣಗೆರೆ_ಅಧ್ಯಾಪಕಿ

ಅದಕ್ಕೆ ಇನ್ನೂ 18 ಘನ, ಇನ್ನೆರಡು ದಿನ ಅಚ್ಚು ಬೇಕಾಗುತ್ತದೆ. ಫೆಬ್ರವರಿ 23 ದಾಟಿಹೋಗುತ್ತದೆ.

---

ಕಾರಟಗಿ_ಸಿವಿಲ್

ಇಂದು ಮಧ್ಯಾಹ್ನ ಸರ್‌ಗೆ ಕೊಟ್ಟೆವು. ನಿಂತಲ್ಲೇ ಓದಿದರು. "ಅರೆದ ಬೂದಿಯಿಂದಲೂ ಬಲ ಇಳಿದರೆ" ಎಂಬ ಸಾಲಿನ ಕೆಳಗೆ ಗೆರೆ ಎಳೆದು, ಇದನ್ನು ಯಾರು ಬರೆದದ್ದು ಎಂದು ಕೇಳಿದರು. ನಾಲ್ವರೂ ಸೇರಿ ಬರೆದದ್ದು ಎಂದೆವು. ಸಹಿ ಇನ್ನೂ ಹಾಕಿಲ್ಲ. "ಬೂದಿ ತಂದು ಮೇಜಿನ ಮೇಲಿಡಿ, ಬೆರಳಲ್ಲಿ ಮುಟ್ಟಿ ನೋಡಿ ಹಾಕುತ್ತೇನೆ" ಎಂದರು. 56 ದಿನದ ಬಗ್ಗೆ ಮಾತ್ರ ಅವರಿಗೆ ಅನುಮಾನ ಇದೆ, ಆಗದಿದ್ದರೆ 28ಕ್ಕೆ ನಿಲ್ಲಿಸಿ ಎಂದಿದ್ದಾರೆ.

ಬಾಯ್ಲರ್ ಅಣ್ಣ, ಶನಿವಾರ ಬಂದರೆ ಬೂದಿ ಕೊಡುತ್ತೀರಾ?

---

ಗಿರಣಿ_ಬಾಯ್ಲರ್

ಬಾ ತಂಗಿ. ಮಾಲೀಕರಿಗೆ ಹೇಳಿ ಇಟ್ಟಿರುತ್ತೇನೆ. ಹನ್ನೊಂದು ಗಂಟೆಯ ಹೊತ್ತಿಗೆ ಒಲೆ ಕಾದಿರುತ್ತದೆ, ಆಗ ಎಳೆದ ಬೂದಿಗೆ ನೀರು ಹೊಡೆಯದೆ ಬಿಡುತ್ತೇನೆ. ಡ್ರಮ್ಮಿಗೆ ಮುಚ್ಚಳ ಇರಲಿ, ಸಂಜೆಯವರೆಗೂ ಬಿಸಿ ಆರುವುದಿಲ್ಲ. ಬೆಳಗ್ಗೆ ಬರುವ ಕಪ್ಪು ಬೂದಿಯನ್ನೂ ಒಂದು ಡಬ್ಬಿಯಲ್ಲಿ ಬೇರೆ ತೆಗೆದಿಡಲೇ?

---

ಕಾರಟಗಿ_ಸಿವಿಲ್

ತೆಗೆದಿಡಿ ಅಣ್ಣ. ಎರಡನ್ನೂ ಸರ್ ಮೇಜಿನ ಮೇಲಿಡುತ್ತೇವೆ.